ಗೌರಿ–ಗಣೇಶ ಹಬ್ಬಕ್ಕೆ ಹತ್ತು ದಿನಗಳ ತಯಾರಿ: ಮನೆ ಶುಚಿಯಿಂದ ಚೌತಿಯ ಪಂಕ್ತಿಯವರೆಗೆ

ಗೌರಿ–ಗಣೇಶ ಬರುವುದು ಭಾದ್ರಪದದ ಮಳೆಯಲ್ಲಿ. ತಯಾರಿಯ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುವುದು ಈ ಮಳೆಯೇ. ಪರದೆ ಒಗೆದರೆ ಎರಡು ದಿನ ಒಣಗುವುದಿಲ್ಲ, ಹಿಟ್ಟಿಗೆ ತೊಳೆದ ಅಕ್ಕಿ ಹಸಿಯಾಗಿಯೇ ಉಳಿಯುತ್ತದೆ, ಸರಿಯಾಗಿ ಮುಚ್ಚಿಡದ ಚಕ್ಕುಲಿ ಮೂರನೇ ದಿನಕ್ಕೆ ಮೆತ್ತಗಾಗುತ್ತದೆ, ಉಜ್ಜಿಟ್ಟ ಹಿತ್ತಾಳೆ ದೀಪ ಮತ್ತೆ ಕಪ್ಪಾಗುತ್ತದೆ. ಹಾಗಾಗಿ ಕೆಲಸಗಳನ್ನು ಮುಖ್ಯ–ಅಮುಖ್ಯ ಎಂದು ವಿಂಗಡಿಸುವುದಕ್ಕಿಂತ ಎರಡು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು: ಇದು ಒಣಗಲು ಎಷ್ಟು ಹೊತ್ತು ಬೇಕು? ಇದು ಕೆಡದೆ ಎಷ್ಟು ದಿನ ಇರುತ್ತದೆ? ಒಣಗಬೇಕಾದದ್ದು ಮೊದಲ ದಿನಗಳಿಗೆ, ಕೆಡುವಂಥದ್ದು ಕೊನೆಯ ದಿನಗಳಿಗೆ. ಉಳಿದದ್ದು ನಡುವೆ.

ಇಲ್ಲಿ ಹಿಡಿದಿರುವ ಲೆಕ್ಕ ಹಳೆ ಮೈಸೂರು ಕಡೆಯ ಒಂದು ಮನೆಯದು. ಮನೆಯಲ್ಲಿ ಐದು ಜನ, ಚೌತಿಯ ಮಧ್ಯಾಹ್ನ ಊಟಕ್ಕೆ ಇಪ್ಪತ್ತು ಜನ ನೆಂಟರು, ಒಟ್ಟು 25 ಎಲೆ. ಒಂಬತ್ತನೇ ದಿನ ತದಿಗೆಯ ಗೌರಿ, ಹತ್ತನೇ ದಿನ ಚೌತಿಯ ಗಣೇಶ. ಹೀಗೆ ಹಿಂದಕ್ಕೆ ಎಣಿಸಿದರೆ ಬೆನಕನ ಅಮಾವಾಸ್ಯೆ ಆರನೇ ದಿನದ ಸುಮಾರಿಗೆ ಬರುತ್ತದೆ. ಕೆಲವು ವರ್ಷ ತದಿಗೆ, ಚೌತಿ ಎರಡೂ ಒಂದೇ ದಿನ ಬೀಳುವುದುಂಟು. ಪಂಚಾಂಗವನ್ನು ಮೊದಲೇ ನೋಡಿ. ಹಾಗೇನಾದರೂ ಬಂದರೆ ಒಬ್ಬಟ್ಟನ್ನು ಹಿಂದಿನ ದಿನವೇ ಮಾಡಿಕೊಳ್ಳಬೇಕು, ಇಲ್ಲವೇ ಆ ವರ್ಷಕ್ಕೆ ಬಿಡಬೇಕು. ಒಬ್ಬಟ್ಟು, ಕಡುಬು ಎರಡನ್ನೂ ಒಂದೇ ಬೆಳಿಗ್ಗೆ ಹಿಡಿದುಕೊಂಡರೆ ಎರಡೂ ಅರೆಬರೆಯಾಗುತ್ತವೆ.

ಒಂದರಿಂದ ಮೂರನೇ ದಿನ: ನೀರಿನ ಕೆಲಸ

ಮೊದಲ ದಿನ ಮೇಲಿನಿಂದ ಕೆಳಕ್ಕೆ ಬನ್ನಿ. ಅಟ್ಟ, ಫ್ಯಾನಿನ ರೆಕ್ಕೆ, ಮೂಲೆಯ ಜೇಡರ ಬಲೆ, ಕಿಟಕಿಯ ಸರಳು, ಆಮೇಲೆ ನೆಲ. ಮೊದಲು ನೆಲ ಒರೆಸಿ ಆಮೇಲೆ ಫ್ಯಾನ್ ಮುಟ್ಟಿದರೆ ಅದೇ ಕೆಲಸ ಎರಡು ಸಲ. ಅಟ್ಟ ಹತ್ತಿದಾಗಲೇ ದೊಡ್ಡ ಪಾತ್ರೆ, ಇಡ್ಲಿ ದಳ್ಳೆ, ಚಕ್ಕುಲಿ ಒರಳು, ಒಬ್ಬಟ್ಟಿನ ಮಣೆ, ಮಂಟಪ, ಚಾಪೆ ಎಲ್ಲವನ್ನೂ ಇಳಿಸಿಬಿಡಿ. ಚಕ್ಕುಲಿ ಒರಳಿನ ಬಿಲ್ಲೆ ಕಾಣೆಯಾಗಿದೆ ಎಂಬುದು ಈ ದಿನವೇ ಗೊತ್ತಾಗಬೇಕು, ಹಿಟ್ಟು ಕಲಸಿದ ಮೇಲಲ್ಲ.

ಎರಡನೇ ದಿನ ಪರದೆ, ಹಾಸಿಗೆ ಹೊದಿಕೆ, ದಿಂಬಿನ ಚೀಲ ಒಗೆಯಿರಿ. ಎಲ್ಲವನ್ನೂ ಒಟ್ಟಿಗೆ ನೆನೆಸಿದರೆ ಹರವಲು ಜಾಗ ಸಾಲದು. ಮೊದಲು ದಪ್ಪನೆಯವು, ಮರುದಿನ ತೆಳ್ಳನೆಯವು.

ಅದೇ ದಿನ ಅಕ್ಕಿಯ ಕೆಲಸವೂ ಶುರುವಾಗಬೇಕು. ಚಕ್ಕುಲಿಗೆ ಒಂದು ಕಿಲೋ, ಕಡುಬಿಗೆ ಒಂದು ಕಿಲೋ, ಒಟ್ಟು ಎರಡು ಕಿಲೋ ದಪ್ಪಕ್ಕಿಯನ್ನು ಮೂರು ನೀರಿನಲ್ಲಿ ತೊಳೆದು, ಪೂರ್ತಿ ಬಸಿದು, ಹತ್ತಿ ಪಂಚೆಯ ಮೇಲೆ ತೆಳ್ಳಗೆ ಹರವಿ ಫ್ಯಾನಿನ ಕೆಳಗೆ ಬಿಡಿ. ಬೇಸಿಗೆಯಲ್ಲಿ ಅರ್ಧ ದಿನದಲ್ಲಿ ಒಣಗುವ ಅಕ್ಕಿಗೆ ಈಗ ಒಂದೂವರೆ ದಿನ ಬೇಕಾಗಬಹುದು. ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಒಂದು ಕಾಳೂ ಅಂಗೈಗೆ ಅಂಟಬಾರದು. ಹಸಿ ಇದ್ದಾಗಲೇ ಗಿರಣಿಗೆ ಕೊಟ್ಟರೆ ಹಿಟ್ಟು ಉಂಡೆ ಕಟ್ಟುತ್ತದೆ, ಡಬ್ಬಿಯಲ್ಲಿ ಎರಡು ದಿನ ಇಟ್ಟರೆ ಹುಳಿ ವಾಸನೆ ಬರುತ್ತದೆ. ಆ ಹಿಟ್ಟಿನ ಚಕ್ಕುಲಿಯನ್ನು ಯಾವ ಬೆಣ್ಣೆಯೂ ಉಳಿಸುವುದಿಲ್ಲ.

ಮೂರನೇ ದಿನ ಅಡುಗೆಮನೆ. ಡಬ್ಬಿಗಳನ್ನು ಖಾಲಿ ಮಾಡುವಾಗಲೇ ಪಕ್ಕದಲ್ಲಿ ಕಾಗದ, ಪೆನ್ನು ಇಟ್ಟುಕೊಂಡು ಏನಿದೆ, ಏನಿಲ್ಲ ಬರೆಯುತ್ತ ಹೋಗಿ. ದಿನಸಿ ಪಟ್ಟಿ ಅಲ್ಲೇ ತಯಾರಾಗುತ್ತದೆ. ಕರಿದ ತಿಂಡಿ ತುಂಬುವ ಡಬ್ಬಿಗಳನ್ನು ತೊಳೆದು ಒರೆಸಿ, ಮುಚ್ಚಳ ತೆಗೆದು ಒಂದು ರಾತ್ರಿಯಿಡೀ ಬೋರಲು ಹಾಕಿಡಿ. ಮುಚ್ಚಳದ ಅಂಚಿನ ಸುರುಳಿಯಲ್ಲಿ ನಿಂತ ನಾಲ್ಕು ಹನಿ ನೀರು ಒಂದು ಡಬ್ಬಿ ಚಕ್ಕುಲಿಯನ್ನು ಮೆತ್ತಗೆ ಮಾಡಲು ಸಾಕು.

ನಾಲ್ಕನೇ ದಿನ: ಗಿರಣಿ, ದಿನಸಿ, ಮೊರ

ಪೇಟೆಗೆ ಒಂದೇ ಸಲ ಹೋಗಿ ಎಲ್ಲ ತರುವ ಯೋಚನೆ ಬೇಡ. ಮೂರು ಸಲ ಹೋಗಬೇಕು: ಈಗ ಒಣ ಸಾಮಾನಿಗೆ, ಏಳನೇ ದಿನ ತೆಂಗಿನಕಾಯಿ, ತರಕಾರಿ, ಮೂರ್ತಿಗೆ, ಎಂಟನೇ ದಿನ ಹೂವು, ಎಲೆಗೆ.

25 ಎಲೆಯ ಊಟಕ್ಕೂ ತದಿಗೆಯ ಒಬ್ಬಟ್ಟಿಗೂ ಸೇರಿ ಬೇಕಾಗುವ ಮುಖ್ಯ ಸಾಮಾನು ಇಷ್ಟು. ಅನ್ನಕ್ಕೂ ಚಿತ್ರಾನ್ನಕ್ಕೂ ಸೇರಿ ಅಕ್ಕಿ ಎರಡೂವರೆ ಕಿಲೋ. ತೊಗರಿಬೇಳೆ ಹುಳಿಗೆ ಮುಕ್ಕಾಲು ಕಿಲೋ, ತೊವ್ವೆಗೆ ಕಾಲು ಕಿಲೋ, ಒಬ್ಬಟ್ಟಿನ ಹೂರಣಕ್ಕೆ ಒಂದು ಕಿಲೋ. ಬೆಲ್ಲ ಎರಡು ಕಿಲೋ. ಕೋಸಂಬರಿಗೆ ಹೆಸರುಬೇಳೆ 400 ಗ್ರಾಂ, ಪಾಯಸಕ್ಕೆ ಶಾವಿಗೆ ಅರ್ಧ ಕಿಲೋ. ಕರಿಯಲು ಎಣ್ಣೆ ಎರಡು ಲೀಟರ್, ಉಳಿದ ಅಡುಗೆಗೆ ಒಂದು. ತುಪ್ಪ ಮುಕ್ಕಾಲು ಕಿಲೋ. ಕರ್ಜಿಕಾಯಿಗೆ ಕೊಬ್ಬರಿ, ಹುರಿಗಡಲೆ ಕಾಲು ಕಾಲು ಕಿಲೋ, ಸಕ್ಕರೆ 300 ಗ್ರಾಂ. ಪಾಯಸದ ಸಕ್ಕರೆಯನ್ನು ಇದಕ್ಕೆ ಸೇರಿಸಿಕೊಳ್ಳಿ. ಸಿಲಿಂಡರ್ ಎಷ್ಟಿದೆ ಎಂದು ಈ ದಿನವೇ ಅಲ್ಲಾಡಿಸಿ ನೋಡಿ. ಬುಕ್ ಮಾಡಿದ್ದು ಹಬ್ಬದ ವಾರದಲ್ಲಿ ತಡವಾಗಿ ಬರಬಹುದು.

ಬಾಗಿನದ ಮೊರಗಳನ್ನೂ ಇವತ್ತೇ ತರಬೇಕು. ಒಂದು ಬಾಗಿನಕ್ಕೆ ಎರಡು ಮೊರ, ತುಂಬುವುದಕ್ಕೆ ಒಂದು, ಮುಚ್ಚುವುದಕ್ಕೆ ಒಂದು. ಐದು ಬಾಗಿನವಾದರೆ ಹತ್ತು ಮೊರ. ಹೊಸ ಬಿದಿರಿನ ಸಿಬಿರು ಎದ್ದಿದ್ದರೆ ಒಣ ಬಟ್ಟೆಯಿಂದ ಉಜ್ಜಿ, ಅರಿಶಿನವನ್ನು ನೀರಿನಲ್ಲಿ ತೆಳ್ಳಗೆ ಕಲಸಿ ಬಳಿದು, ಗಾಳಿಯಲ್ಲಿ ಒಂದೊಂದಾಗಿ ಆನಿಸಿಡಿ. ಇದೂ ಒಣಗಲು ಒಂದು ಇಡೀ ದಿನ ತೆಗೆದುಕೊಳ್ಳುತ್ತದೆ. ಹಸಿ ಅರಿಶಿನದ ಮೇಲೆ ರವಿಕೆ ಕಣ ಇಟ್ಟರೆ ಹಳದಿ ಕಲೆ ಹೋಗುವುದಿಲ್ಲ, ಬೇಳೆಯ ಪೊಟ್ಟಣಗಳೂ ಬೆವರುತ್ತವೆ. ಒಣಗಿದ ಮೇಲೆ ಅಕ್ಕಿ, ನಾಲ್ಕು ಬಗೆಯ ಬೇಳೆ, ಗೋಧಿ, ರವೆ, ಬೆಲ್ಲದ ಅಚ್ಚು, ಬಳೆ, ಕರಿಮಣಿ ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ಅರಿಶಿನ, ಕುಂಕುಮ ಜೋಡಿಸಿಡಬಹುದು. ತೆಂಗಿನಕಾಯಿ, ಹಣ್ಣು, ಎಲೆ–ಅಡಿಕೆ ಮಾತ್ರ ತದಿಗೆಯ ಬೆಳಿಗ್ಗೆ. ಬಾಗಿನದಲ್ಲಿ ಏನೇನಿರಬೇಕು ಎಂಬುದು ಮನೆಯಿಂದ ಮನೆಗೆ ಬೇರೆ. ನಿಮ್ಮ ಮನೆಯ ಹಿರಿಯರನ್ನು ಕೇಳಿಯೇ ಪಟ್ಟಿ ಮಾಡಿ.

ಐದು ಮತ್ತು ಆರನೇ ದಿನ: ಎಣ್ಣೆ ಬಾಣಲೆ

ಕರಿಯುವ ಕೆಲಸಕ್ಕೆ ಇದೇ ಸರಿಯಾದ ಹೊತ್ತು. ಇನ್ನೂ ಮೊದಲೇ ಮಾಡಿದರೆ ಮಳೆಗಾಳಿಗೆ ಮೆತ್ತಗಾಗುತ್ತದೆ, ಎಂಟನೇ ದಿನಕ್ಕೆ ಬಿಟ್ಟರೆ ಹಬ್ಬದ ಹೊತ್ತಿಗೆ ಅಡುಗೆಮನೆಯ ತುಂಬ ಎಣ್ಣೆ ಹೊಗೆ ಕೂರುತ್ತದೆ.

ಚಕ್ಕುಲಿಗೆ ಒಂದು ಕಿಲೋ ಅಕ್ಕಿಹಿಟ್ಟಿಗೆ ಕಾಲು ಕಿಲೋ ಉದ್ದಿನಬೇಳೆಯನ್ನು ಸಣ್ಣ ಉರಿಯಲ್ಲಿ, ಕೆಂಪಾಗದಂತೆ, ಘಮ ಬರುವವರೆಗೆ ಹುರಿದು ನುಣ್ಣಗೆ ಪುಡಿ ಮಾಡಿ, ಜರಡಿ ಹಿಡಿದು ಸೇರಿಸಿ. ಬೇಳೆಯ ನುಚ್ಚು ಉಳಿದರೆ ಒರಳಿನ ತೂತು ಕಟ್ಟಿಕೊಂಡು ಎಳೆ ತುಂಡಾಗುತ್ತದೆ. ಬೆಣ್ಣೆ 100 ಗ್ರಾಂ, ಉಪ್ಪು ಮಟ್ಟಸವಾಗಿ ನಾಲ್ಕು ಟೀ ಚಮಚ, ಜೀರಿಗೆ, ಬಿಳಿ ಎಳ್ಳು ಎರಡೆರಡು ಚಮಚ, ಸ್ವಲ್ಪ ಇಂಗು. ಮೊದಲು ಬೆಣ್ಣೆಯನ್ನು ಒಣ ಹಿಟ್ಟಿಗೆ ಬೆರಳಿನಿಂದ ಉಜ್ಜಿ. ಮುಷ್ಟಿ ಕಟ್ಟಿದರೆ ನಿಲ್ಲಬೇಕು, ಒತ್ತಿದರೆ ಉದುರಬೇಕು. ಆಮೇಲೆ ನೀರು. ಎಲ್ಲ ಹಿಟ್ಟನ್ನೂ ಒಮ್ಮೆಗೇ ಕಲಸಬೇಡಿ. ಮುಕ್ಕಾಲು ಗಂಟೆಗಿಂತ ಹೆಚ್ಚು ಹೊತ್ತು ಕಲಸಿಟ್ಟ ಹಿಟ್ಟಿನ ಚಕ್ಕುಲಿ ಎಣ್ಣೆ ಕುಡಿಯುತ್ತದೆ, ಬಣ್ಣವೂ ಕೆಂಪಾಗುತ್ತದೆ. ನಾಲ್ಕು ಪಾಲು ಮಾಡಿ ಒಂದೊಂದನ್ನೇ ಕಲಸಿಕೊಳ್ಳಿ. ಇಷ್ಟಕ್ಕೆ ಅರವತ್ತು–ಎಪ್ಪತ್ತು ಚಕ್ಕುಲಿ ಬರುತ್ತವೆ.

ಮೊದಲು ಒಂದೇ ಒಂದು ಚಕ್ಕುಲಿ ಬಿಟ್ಟು ನೋಡಿ. ಒತ್ತುವಾಗಲೇ ಎಳೆ ಮುರಿದರೆ ನೀರು ಸಾಲದು, ಕೈ ಒದ್ದೆ ಮಾಡಿಕೊಂಡು ನಾದಿ. ಎಣ್ಣೆಗೆ ಬಿಟ್ಟೊಡನೆ ಉದುರಿದರೆ ಬೆಣ್ಣೆ ಹೆಚ್ಚಾಗಿದೆ, ಆ ಪಾಲಿಗೆ ಎರಡು ಹಿಡಿ ಅಕ್ಕಿಹಿಟ್ಟು ಬೆರೆಸಿ. ಬೆಂದ ಮೇಲೆ ಕಲ್ಲಿನಂತೆ ಗಟ್ಟಿಯಾದರೆ ಬೆಣ್ಣೆ ಕಡಿಮೆ, ಉಳಿದ ಒಣ ಹಿಟ್ಟಿಗೆ ಇನ್ನೊಂದೆರಡು ಚಮಚ ಉಜ್ಜಿಕೊಳ್ಳಿ. ಚಕ್ಕುಲಿ ಬೆಂದದ್ದನ್ನು ಬಣ್ಣದಿಂದ ಹೇಳಲಾಗದು, ಗುಳ್ಳೆಯಿಂದ ಹೇಳಬೇಕು. ಒಳಗಿನ ನೀರು ಆವಿಯಾಗಿ ಹೊರಬರುತ್ತಿರುವಷ್ಟು ಹೊತ್ತು ಎಣ್ಣೆಯಲ್ಲಿ ಗುಳ್ಳೆ ಏಳುತ್ತಿರುತ್ತದೆ. ಅದು ಬಹುತೇಕ ನಿಂತ ಮೇಲೆ ತೆಗೆಯಿರಿ. ಉರಿ ಜೋರಾಗಿದ್ದರೆ ಹೊರಗೆ ಬೇಗ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ. ತೆಗೆದಾಗ ಗರಿಗರಿಯಾಗಿಯೇ ಇರುತ್ತದೆ, ಹಬ್ಬದ ದಿನಕ್ಕೆ ಜಗ್ಗುತ್ತದೆ. ಪೂರ್ತಿ ಆರಿದ ಮೇಲೆಯೇ, ಅಂದರೆ ಮುಟ್ಟಿದರೆ ಬಿಸಿಯೇ ಇಲ್ಲ ಅನ್ನಿಸಿದ ಮೇಲೆ, ಡಬ್ಬಿಗೆ ತುಂಬಿ.

ಆರನೇ ದಿನ ಕರ್ಜಿಕಾಯಿ. ಇದರ ಹೂರಣಕ್ಕೆ ಹಸಿ ತೆಂಗಿನತುರಿ ಹಾಕಿದರೆ ಎರಡನೇ ದಿನಕ್ಕೆ ಕೆಟ್ಟೀತು. ಒಣಕೊಬ್ಬರಿ ತುರಿ, ಹುರಿಗಡಲೆ ಪುಡಿ, ಸಕ್ಕರೆ ಪುಡಿ, ಹುರಿದ ಗಸಗಸೆ, ಏಲಕ್ಕಿ ಇಷ್ಟೇ ಇದ್ದರೆ ವಾರವಾದರೂ ಏನೂ ಆಗುವುದಿಲ್ಲ. ಮೇಲೆ ಹೇಳಿದ ಅಳತೆಯ ಹೂರಣಕ್ಕೆ ಅರ್ಧ ಕಿಲೋ ಚಿರೋಟಿ ರವೆಯ ಕಣಕ ಬೇಕು, ಐವತ್ತರ ಸುಮಾರಿಗೆ ಬರುತ್ತವೆ. ಇಲ್ಲಿ ಆಗುವ ಅನಾಹುತ ಒಂದೇ: ಒಂದು ಕರ್ಜಿಕಾಯಿ ಬಾಯಿ ಬಿಟ್ಟರೆ ಸಕ್ಕರೆ ಎಣ್ಣೆಗಿಳಿದು ಸುಟ್ಟು, ಆಮೇಲೆ ಬೇಯುವ ಎಲ್ಲಕ್ಕೂ ಕರಿ ಚುಕ್ಕೆ ಅಂಟುತ್ತದೆ. ಹೂರಣ ಒಂದು ಚಮಚಕ್ಕಿಂತ ಹೆಚ್ಚು ತುಂಬಬೇಡಿ, ಅಂಚಿಗೆ ಹಾಲು ಸವರಿ ಒತ್ತಿ, ಮಾಡಿಟ್ಟವುಗಳ ಮೇಲೆ ಒದ್ದೆ ಬಟ್ಟೆ ಮುಚ್ಚಿ. ಕಣಕದ ಅಂಚು ಒಣಗಿದಾಗಲೇ ಬಿರುಕು ಬಿಡುವುದು. ಅಷ್ಟಾಗಿಯೂ ಒಂದು ಒಡೆದರೆ ಒಲೆ ಆರಿಸಿ, ಎಣ್ಣೆ ತಣಿದ ಮೇಲೆ ಸೋಸಿ ಮುಂದುವರಿಸಿ.

ಏಳು, ಎಂಟನೇ ದಿನ: ಪೇಟೆ, ಪೂಜೆ ಪಾತ್ರೆ, ಮಂಟಪ

ಏಳನೇ ದಿನ ಅಡುಗೆಗೆ ಒಂಬತ್ತು ತೆಂಗಿನಕಾಯಿ ತನ್ನಿ: ಕಡುಬಿಗೆ ಐದು, ಕೋಸಂಬರಿ, ಪಲ್ಯಕ್ಕೆ ಎರಡು, ಹುಳಿ, ಚಿತ್ರಾನ್ನಕ್ಕೆ ಎರಡು. ಪೂಜೆಗೆ, ಬಾಗಿನಕ್ಕೆ ಬೇಕಾದದ್ದು ಬೇರೆ. ಅಲ್ಲಾಡಿಸಿದರೆ ನೀರಿನ ಸದ್ದು ಬರಬೇಕು, ಕಣ್ಣಿನ ಹತ್ತಿರ ಒದ್ದೆಯಾಗಲಿ ಬೂಸ್ಟಾಗಲಿ ಇರಬಾರದು. ಪಲ್ಯಕ್ಕೆ ಹುರುಳಿಕಾಯಿ ಎರಡೂವರೆ ಕಿಲೋ, ಹುಳಿಗೆ ಬೂದುಗುಂಬಳವೂ ಸಿಹಿಗುಂಬಳವೂ ಸೇರಿ ಅಷ್ಟೇ. ಕುಂಬಳವನ್ನು ಇಡಿಯಾಗಿ ಕೊಳ್ಳಿ, ಹೋಳು ಬೇಡ.

ಮೂರ್ತಿಯನ್ನೂ ಈ ದಿನವೇ ತಂದುಬಿಡುವುದು ಒಳ್ಳೆಯದು, ಕೊನೆಯ ಸಂಜೆ ಬಣ್ಣದವೇ ಉಳಿದಿರುತ್ತವೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗೆ ರಾಜ್ಯದಲ್ಲಿ ನಿಷೇಧವಿದೆ. ಮಣ್ಣಿನದು ಗಾತ್ರಕ್ಕೆ ಮೀರಿ ಭಾರ, ತಳದಲ್ಲಿ ಉಗುರಿನಿಂದ ಕೆರೆದರೆ ಮಣ್ಣು ಉದುರುತ್ತದೆ. ಮನೆಯಲ್ಲೇ ಬಕೆಟ್ಟಿನಲ್ಲಿ ಬಿಡುವುದಾದರೆ ಒಂದು ಅಡಿಯೊಳಗಿನದು ಸಾಕು. ತಂದ ಮೂರ್ತಿಯನ್ನು ಗೋಡೆಗೆ ತಾಗಿಸದೆ, ಒಣ ಜಾಗದಲ್ಲಿ ಬಟ್ಟೆ ಮುಚ್ಚಿಡಿ.

ಎಂಟನೇ ದಿನ ಹಿತ್ತಾಳೆ ದೀಪ, ಗಂಟೆ, ತಟ್ಟೆಗಳನ್ನು ನೆನೆಸಿದ ಹುಣಸೆಹಣ್ಣಿಗೆ ಉಪ್ಪು ಸೇರಿಸಿ ಉಜ್ಜಿ. ಇದನ್ನು ಮೊದಲೇ ಮಾಡಿಟ್ಟರೆ ತೇವಕ್ಕೆ ಮತ್ತೆ ಮಂಕಾಗುತ್ತದೆ. ಉಜ್ಜಿದ ಮೇಲೆ ಹುಣಸೆಯನ್ನು ಹಾಗೇ ಬಿಡಬೇಡಿ, ಹುಳಿ ಉಳಿದ ಕಡೆ ಹಸಿರು ಕಲೆ ಬೀಳುತ್ತದೆ. ಕೂಡಲೇ ತೊಳೆದು ಒಣ ಬಟ್ಟೆಯಿಂದ ಒರೆಸಿ. ಬೆಳ್ಳಿಗೆ ಹುಣಸೆ ಬೇಡ, ವಿಭೂತಿಯಿಂದ ಮೆಲ್ಲಗೆ ಉಜ್ಜಿದರೆ ಸಾಕು.

ಸಂಜೆ ಹೂವಿಗೆ ಹೋಗಿ. ಹಬ್ಬಕ್ಕೆ ಹತ್ತಿರವಾದಷ್ಟೂ ಹೂವಿನ ಬೆಲೆ ಏರುತ್ತದೆ, ಆದರೆ ಎಲ್ಲ ಹೂವೂ ಕಾಯುವುದಿಲ್ಲ. ಸೇವಂತಿಗೆ ಎರಡು ದಿನ ನಿಲ್ಲುತ್ತದೆ, ಬಿದಿರು ಬುಟ್ಟಿಯಲ್ಲಿ ತೇವದ ಬಟ್ಟೆ ಹೊದಿಸಿಡಿ. ಮಲ್ಲಿಗೆ ಆಯಾ ದಿನಕ್ಕೆ ಆಯಾ ದಿನವೇ. ಗರಿಕೆಯನ್ನು ತೊಳೆದು ನೀರು ಝಾಡಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಚೌತಿಯವರೆಗೂ ಹಸಿರಾಗಿರುತ್ತದೆ. ಬಾಳೆ ಎಲೆ 25ಕ್ಕೆ 30 ತನ್ನಿ, ಐದಾರು ಹರಿದೇ ಹರಿಯುತ್ತವೆ. ಸುರುಳಿಯಾಗಿಯೇ ಇಡಿ, ಮಡಚಬೇಡಿ.

ಒಂಬತ್ತನೇ ದಿನ: ಗೌರಿ, ಒಬ್ಬಟ್ಟು

ಬೆಳಿಗ್ಗೆ ಗೌರಿ ಪೂಜೆ, ಹದಿನಾರು ಗಂಟಿನ ದಾರ, ಬಾಗಿನ. ಸಂಜೆ ಅರಿಶಿನ–ಕುಂಕುಮಕ್ಕೆ ಬರುವವರಿಗೆ ಚಕ್ಕುಲಿ, ಕರ್ಜಿಕಾಯಿ ತಯಾರಾಗಿಯೇ ಇವೆ. ಹಾಗಾಗಿ ಒಲೆಯ ಮುಂದೆ ಇವತ್ತು ಒಂದೇ ದೊಡ್ಡ ಕೆಲಸ, ಒಬ್ಬಟ್ಟು.

ಕಣಕವನ್ನು ಎದ್ದ ಕೂಡಲೇ ಕಲಸಿ. ಮುಕ್ಕಾಲು ಕಿಲೋ ಚಿರೋಟಿ ರವೆ, ಚಿಟಿಕೆ ಅರಿಶಿನ, ಉಪ್ಪು, ಕೈಗೆ ಅಂಟುವಷ್ಟು ನೀರು, ಮೇಲೆ ಒಂದು ಲೋಟ ಎಣ್ಣೆ ಹಾಕಿ ನಾದಿ ಕನಿಷ್ಠ ಎರಡು ಗಂಟೆ ಬಿಡಿ. ನೆನೆಯದ ಕಣಕ ತಟ್ಟುವಾಗ ಹರಿಯುತ್ತದೆ. ಬೇಳೆಯನ್ನು ಬಾಯಿ ತೆರೆದ ಪಾತ್ರೆಯಲ್ಲೇ ಬೇಯಿಸಿ. ಬೆರಳಲ್ಲಿ ಹಿಸುಕಿದರೆ ನುಣ್ಣಗಾಗಬೇಕು, ಕಾಳಿನ ಆಕಾರ ಇನ್ನೂ ಉಳಿದಿರಬೇಕು. ಕುಕ್ಕರಿನಲ್ಲಿ ಕರಗಿಹೋದರೆ ಬಸಿಯಲು ಬರುವುದಿಲ್ಲ. ಬಸಿದ ಕಟ್ಟನ್ನು ಒಬ್ಬಟ್ಟಿನ ಸಾರಿಗೆ ಎತ್ತಿಡಿ. ಒಂದು ಕಿಲೋ ಬೇಳೆಗೆ ಒಂದು ಕಿಲೋ ಬೆಲ್ಲ ಹಾಕಿದೊಡನೆ ಹೂರಣ ಮತ್ತೆ ನೀರಾಗುತ್ತದೆ, ಹೆದರಬೇಡಿ. ತಳ ಬಿಡುವವರೆಗೆ ತಿರುವಿ ಆಮೇಲೆ ರುಬ್ಬಿ. ರುಬ್ಬಿದ ಮೇಲೂ ಉಂಡೆ ಕಟ್ಟದಿದ್ದರೆ ಸಣ್ಣ ಉರಿಯ ಮೇಲೆ ಮತ್ತೆ ತಿರುವುವುದೊಂದೇ ದಾರಿ. ನಲವತ್ತರ ಮೇಲೆ ಒಬ್ಬಟ್ಟು ಬರುತ್ತವೆ. ಇವತ್ತಿನ ಊಟಕ್ಕೆ ಹತ್ತು, ಉಳಿದವು ಆರಿಸಿ, ಬಟ್ಟೆಯ ನಡುವೆ ಪೇರಿಸಿಟ್ಟರೆ ನಾಳೆ ಎಲೆಗೊಂದು.

ರಾತ್ರಿ ಮಾಡಿಡಬೇಕಾದದ್ದು ಕಡಿಮೆ: ಕಾಯಿ ತುರಿದು ಫ್ರಿಜ್ಜಿನಲ್ಲಿಡಿ, ತೊಳೆದು ಒಣಗಿಸಿದ ಹುರುಳಿಕಾಯಿ ಹೆಚ್ಚಿಡಿ, ಬೆಲ್ಲ ಕುಟ್ಟಿಡಿ. ಹೆಚ್ಚಿದ ಮೇಲೆ ತೊಳೆಯಬೇಡಿ, ಬೆಳಿಗ್ಗೆಗೆ ಲೋಳೆಯಾಗುತ್ತದೆ. ಮಡಿಯಲ್ಲಿ ನೈವೇದ್ಯ ಮಾಡುವ ಮನೆಗಳಲ್ಲಿ ಇದೂ ಬೆಳಗಿನ ಕೆಲಸವೇ. ಅಲ್ಲಿ ಒಂದು ಗಂಟೆ ಮೊದಲು ಏಳಬೇಕು.

ಹತ್ತನೇ ದಿನ: ಚೌತಿ

ಮೊದಲ ಪಂಕ್ತಿ ಮಧ್ಯಾಹ್ನ ಒಂದು ಗಂಟೆಗೆ ಕೂರಬೇಕಾದರೆ ನೈವೇದ್ಯ ಹನ್ನೆರಡಕ್ಕೆ ಸಿದ್ಧವಿರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿ.

ಐದೂವರೆಗೆ ಹುಳಿಯ ಬೇಳೆ ಇಡಿ, ಪಕ್ಕದ ಒಲೆಯಲ್ಲಿ ಕಡುಬಿನ ಹೂರಣ. ಎಂಟು ಬಟ್ಟಲು ತುರಿಗೆ ನಾಲ್ಕು ಬಟ್ಟಲು ಬೆಲ್ಲ. ಬೆಲ್ಲ ಕರಗಿ, ತುರಿ ಒಟ್ಟುಗೂಡಿದೊಡನೆ ಇಳಿಸಿ. ಹೆಚ್ಚು ಹೊತ್ತು ಬಿಟ್ಟರೆ ಆರಿದ ಮೇಲೆ ಜಗಿಯಬೇಕಾಗುತ್ತದೆ, ಕಡಿಮೆಯಾದರೆ ಕಡುಬಿನ ತಳದಿಂದ ಸೋರುತ್ತದೆ. ಏಳರಿಂದ ಒಂಬತ್ತು ಹುಳಿ, ಪಲ್ಯ, ಪಾಯಸ, ಚಿತ್ರಾನ್ನದ ಒಗ್ಗರಣೆ. ಒಂಬತ್ತೂವರೆಗೆ ಕಡುಬಿನ ಹಿಟ್ಟು: ಒಂದು ಬಟ್ಟಲು ಹಿಟ್ಟಿಗೆ ಒಂದು ಬಟ್ಟಲಿಗಿಂತ ತುಸು ಹೆಚ್ಚು ನೀರು, ಒಂದು ಚಮಚ ಎಣ್ಣೆ, ಚಿಟಿಕೆ ಉಪ್ಪು. ಕುದಿಯುವ ನೀರಿಗೆ ಹಿಟ್ಟು ಹಾಕಿ, ಉರಿ ಆರಿಸಿ, ಐದು ನಿಮಿಷ ಮುಚ್ಚಿಟ್ಟು, ಬಿಸಿ ಇರುವಾಗಲೇ ಕೈಗೆ ಎಣ್ಣೆ ಸವರಿಕೊಂಡು ನಾದಿ. ಆರಿದ ಹಿಟ್ಟು ಅಂಚಿನಲ್ಲಿ ಬಿರಿಯುತ್ತದೆ. ಹಾಗಾದರೆ ಬಿಸಿನೀರು ಚಿಮುಕಿಸಿ ಮತ್ತೆ ನಾದಿ. ನೈವೇದ್ಯಕ್ಕೆ 21, ಎಲೆಗೆ ಎರಡರಂತೆ 50, ಒಟ್ಟು ಎಪ್ಪತ್ತರ ಆಸುಪಾಸು. ಇಬ್ಬರು ಕೂತರೆ ಒಂದು ಗಂಟೆಯ ಕೆಲಸ. ಆವಿಯಲ್ಲಿ ಹತ್ತರಿಂದ ಹನ್ನೆರಡು ನಿಮಿಷ. ಹೆಸರುಬೇಳೆಯನ್ನು ಹತ್ತೂವರೆಗೆ ನೆನೆಹಾಕಿ, ಕೋಸಂಬರಿಗೆ ಉಪ್ಪು ಮಾತ್ರ ಬಡಿಸುವ ಮುಂಚೆ. ಅನ್ನ ಎಲ್ಲಕ್ಕಿಂತ ಕೊನೆಗೆ, ಹನ್ನೊಂದೂಕಾಲಿಗೆ. ಎರಡನೇ ಪಂಕ್ತಿಯ ಅನ್ನವನ್ನು ಹನ್ನೆರಡೂವರೆಗೆ ಬೇರೆಯಾಗಿ ಇಡಿ.

ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿಲ್ಲ, ಹಾಗಾಗಿ ಉಪ್ಪಿಗೆ ಅಳತೆಯೇ ಗತಿ. ಒಂದು ಲೀಟರ್ ಹುಳಿಗೆ ಮಟ್ಟಸವಾಗಿ ಎರಡು ಟೀ ಚಮಚ ಎಂದು ಹಿಡಿದು, ಹಬ್ಬಕ್ಕೆ ಮುಂಚೆ ಒಂದು ದಿನ ಮನೆಯ ಅಡುಗೆಯಲ್ಲೇ ಅದೇ ಪುಡಿ, ಅದೇ ಉಪ್ಪಿನಿಂದ ಪರೀಕ್ಷಿಸಿ ಬರೆದಿಟ್ಟುಕೊಳ್ಳಿ. 25 ಜನಕ್ಕೆ ಹುಳಿ ಐದರಿಂದ ಆರು ಲೀಟರ್ ಬೇಕು. ನೈವೇದ್ಯ ಎತ್ತಿ, ಪೂಜೆ ಮುಗಿದ ಮೇಲೆ ಉಳಿದದ್ದನ್ನು ರುಚಿ ನೋಡಿ ಸರಿಪಡಿಸಬಹುದು.

ಹದಿಮೂರು, ಹನ್ನೆರಡು ಎಂದು ಎರಡು ಪಂಕ್ತಿ ಮಾಡಿ. ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಚಿಕ್ಕ ಮಕ್ಕಳು ಮೊದಲ ಪಂಕ್ತಿಯಲ್ಲಿ. ಅವರಿಗೆ ಎರಡು ಗಂಟೆಯವರೆಗೆ ಕಾಯಲಾಗದು. ಎಲೆಯ ತುದಿ ಉಣ್ಣುವವರ ಎಡಕ್ಕೆ ಬರಬೇಕು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಇವೆಲ್ಲ ಜನ ಕೂರುವ ಮೊದಲೇ ಬಡಿಸಬಹುದು. ಅನ್ನ, ತೊವ್ವೆ, ತುಪ್ಪ ಕೂತ ಮೇಲೆ. ಬಡಿಸಲು ಮೂವರು ಸಾಕು: ಒಬ್ಬರಿಗೆ ಅನ್ನ, ಒಬ್ಬರಿಗೆ ಸಾರು–ಹುಳಿ, ಒಬ್ಬರಿಗೆ ಸಿಹಿ ಮತ್ತು ನೀರು. ಬೆಳಿಗ್ಗೆಯಿಂದ ಒಲೆಯ ಮುಂದೆ ನಿಂತವರು ಬಡಿಸುವವರಾಗಬಾರದು. ಅವರು ಎರಡನೇ ಪಂಕ್ತಿಯಲ್ಲಿ ಕೂತು, ಬೇರೆಯವರ ಕೈಯಲ್ಲಿ ಬಿಸಿಯಾಗಿ ಬಡಿಸಿಕೊಂಡು ಉಣ್ಣಬೇಕು. ಇದನ್ನು ಹಿಂದಿನ ದಿನವೇ ಹೆಸರು ಹಿಡಿದು ಹಂಚಿಕೊಳ್ಳಿ, ಆ ಹೊತ್ತಿಗೆ ಯಾರಾದರೂ ಬಂದಾರು ಎಂದು ಬಿಡಬೇಡಿ.

ಕಾಯಿ ರುಬ್ಬಿ ಹಾಕಿದ ಹುಳಿ ಈ ಹವೆಯಲ್ಲಿ ರಾತ್ರಿಗೆ ಹಳಸುತ್ತದೆ. ಊಟ ಮುಗಿದ ಕೂಡಲೇ ಉಳಿದದ್ದನ್ನು ಮತ್ತೆ ಕುದಿಸಿ, ಆರಿಸಿ ಫ್ರಿಜ್ಜಿಗೆ ಸೇರಿಸಿ. ಕಡುಬು ಸಂಜೆಗೆ ಗಟ್ಟಿಯಾದರೆ ಮೂರು ನಿಮಿಷ ಆವಿಗಿಟ್ಟರೆ ಮೊದಲಿನಂತಾಗುತ್ತದೆ.

ಅಂದೇ ಸಂಜೆ ವಿಸರ್ಜನೆಯಿದ್ದರೆ ಮೂರ್ತಿ ಪೂರ್ತಿ ಮುಳುಗುವಷ್ಟು ಆಳದ ಬಕೆಟ್ಟಿಗೆ ನೀರು ತುಂಬಿಡಿ. ಹೂವು, ಗೆಜ್ಜೆವಸ್ತ್ರ, ದಾರ, ಬೆಳ್ಳಿ ಕಣ್ಣು ಎಲ್ಲವನ್ನೂ ಮೊದಲೇ ಬಿಡಿಸಿಕೊಂಡು ಮೂರ್ತಿಯನ್ನು ನಿಧಾನವಾಗಿ ಇಳಿಸಿ. ಬೆಳಗಾಗುವಷ್ಟರಲ್ಲಿ ಮಣ್ಣು ಬಹುತೇಕ ಕರಗಿರುತ್ತದೆ. ಗಟ್ಟಿ ಉಳಿದ ಭಾಗವಿದ್ದರೆ ಇನ್ನೊಂದು ದಿನ ಬಿಟ್ಟು, ಆಮೇಲೆ ಗಿಡದ ಬುಡಕ್ಕೆ ಹಾಕಿ.